ಪ್ಯಾಕೆಟ್ಟಿನೊಳಗೆ ಎಷ್ಟು ಚಮಚ ಸಕ್ಕರೆ?

ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ಮನೆಯಲ್ಲಿ ಮೊದಲು ನಿಲ್ಲುವುದು ಕಾಫಿಗೆ ಹಾಕುವ ಸಕ್ಕರೆ. ಅದು ಒಳ್ಳೆಯದೇ. ಆದರೆ ಆ ಸಪ್ಪೆ ಕಾಫಿಯ ಪಕ್ಕದ ತಟ್ಟೆಯಲ್ಲಿ ನಾಲ್ಕು ಮಾರಿ ಬಿಸ್ಕತ್ತು ಇದ್ದೇ ಇರುತ್ತವೆ. ‘ಮಾರಿ ತಾನೆ, ಅದರಲ್ಲಿ ಸಿಹಿ ಎಲ್ಲಿದೆ?’ ಎನ್ನುತ್ತಾರೆ. ಡಯಟೀಷಿಯನ್ ಕೊಟ್ಟ ಚೀಟಿಯಲ್ಲಿ ಸಕ್ಕರೆಯ ಲೆಕ್ಕ ಚಮಚದಲ್ಲಿರುತ್ತದೆ, ಪ್ಯಾಕೆಟ್ಟಿನ ಮೇಲೆ ಗ್ರಾಂನಲ್ಲಿರುತ್ತದೆ. ಇವೆರಡನ್ನೂ ಕೂಡಿಸಿ ನೋಡದ ಹೊರತು ಬಿಸ್ಕತ್ತಿನ ಸಕ್ಕರೆ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಕೂಡಿಸುವುದು ಕಷ್ಟವೇನಲ್ಲ. ಒಂದು ಟೀ ಚಮಚ ಸಕ್ಕರೆ ಎಂದರೆ ಸುಮಾರು 4 ಗ್ರಾಂ. ಆದ್ದರಿಂದ ಸಕ್ಕರೆಯ ಗ್ರಾಂ ಅನ್ನು ನಾಲ್ಕರಿಂದ ಭಾಗಿಸಿದರೆ ಚಮಚ ಸಿಗುತ್ತದೆ. 20 ಗ್ರಾಂ ಇದ್ದರೆ ಐದು ಚಮಚ. ಇಲ್ಲಿ ಚಮಚ ಎಂದರೆ 5 ಮಿಲಿಲೀಟರ್ ಹಿಡಿಯುವ ಅಳತೆಯ ಚಮಚ, ಅದೂ ಅಂಚಿಗೆ ಸಮವಾಗಿ ತುಂಬಿದ್ದು. ರಾಶಿಯಾಗಿ ಎತ್ತಿದರೆ ಅದೇ ಚಮಚದಲ್ಲಿ 6–7 ಗ್ರಾಂ ಬಂದುಬಿಡುತ್ತದೆ. ನಮ್ಮ ಮನೆಗಳ ಸ್ಟೀಲ್ ಚಮಚಗಳೂ ಒಂದೇ ಗಾತ್ರದವಲ್ಲ. ಅಡುಗೆಮನೆಯಲ್ಲಿ ಡಿಜಿಟಲ್ ತಕ್ಕಡಿ ಇದ್ದರೆ ನೀವು ದಿನಾ ಬಳಸುವ ಚಮಚದಲ್ಲಿ ಹತ್ತು ಸಲ ಸಮವಾಗಿ ಸಕ್ಕರೆ ಅಳೆದು ಹಾಕಿ, ಬಂದ ತೂಕವನ್ನು ಹತ್ತರಿಂದ ಭಾಗಿಸಿ. ಒಂದೇ ಚಮಚ ತೂಗಿದರೆ ಸಣ್ಣ ತಕ್ಕಡಿ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಹತ್ತು.

ಜನ ಎಡವುವುದು ಭಾಗಾಕಾರದಲ್ಲಲ್ಲ, ಅದಕ್ಕೂ ಮೊದಲು. ಲೇಬಲ್‌ನಲ್ಲಿರುವ ಅಂಕಿ ನೀವು ತಿಂದಷ್ಟಕ್ಕೆ ಬರೆದದ್ದಲ್ಲ. ನಮ್ಮ ದೇಶದ ಪ್ಯಾಕೆಟ್ಟುಗಳ ಪೋಷಕಾಂಶದ ಪಟ್ಟಿ 100 ಗ್ರಾಂ ಅಥವಾ 100 ಮಿಲಿಲೀಟರಿನ ಲೆಕ್ಕದಲ್ಲಿರುತ್ತದೆ. ಒಂದು ಸಲದ ಪ್ರಮಾಣ ಎಂದು ಕಂಪನಿ ಬರೆದಿರುವುದೂ ನೀವು ತಿನ್ನುವಷ್ಟೇ ಇರಬೇಕೆಂದಿಲ್ಲ.

ಮಾರಿ ಬಿಸ್ಕತ್ತನ್ನೇ ತೆಗೆದುಕೊಳ್ಳೋಣ. ಈ ಬಗೆಯ ಬಿಸ್ಕತ್ತಿನ ಲೇಬಲ್‌ನಲ್ಲಿ ಹೆಚ್ಚುಕಡಿಮೆ ಹೀಗಿರುತ್ತದೆ: 100 ಗ್ರಾಂನಲ್ಲಿ ಕಾರ್ಬೋಹೈಡ್ರೇಟ್ 77 ಗ್ರಾಂ, ಅದರೊಳಗೆ ಟೋಟಲ್ ಶುಗರ್ಸ್ 22 ಗ್ರಾಂ, ಅದರಲ್ಲಿ ಆಡೆಡ್ ಶುಗರ್ಸ್, ಅಂದರೆ ತಯಾರಿಸುವಾಗ ಸೇರಿಸಿದ ಸಕ್ಕರೆ, 20 ಗ್ರಾಂ. ಈಗ ಒಂದು ಬಿಸ್ಕತ್ತಿನ ತೂಕ ಬೇಕು. ಪ್ಯಾಕೆಟ್ಟಿನ ನಿವ್ವಳ ತೂಕವನ್ನು ಒಳಗಿರುವ ಬಿಸ್ಕತ್ತುಗಳ ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ಸುಮಾರು 6 ಗ್ರಾಂ ಎಂದಿಟ್ಟುಕೊಳ್ಳಿ. ನಾಲ್ಕು ತಿಂದರೆ 24 ಗ್ರಾಂ. 20ನ್ನು 24ರಿಂದ ಗುಣಿಸಿ 100ರಿಂದ ಭಾಗಿಸಿದರೆ 4.8 ಗ್ರಾಂ. ನಾಲ್ಕರಿಂದ ಭಾಗಿಸಿದರೆ ಒಂದು ಚಮಚಕ್ಕಿಂತ ತುಸು ಹೆಚ್ಚು. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ಎಂದರೆ ಎರಡೂವರೆ ಚಮಚದ ಹತ್ತಿರ. ಕಾಫಿಯಲ್ಲಿ ಉಳಿಸಿದ್ದು ಹೀಗೆ ಬಿಸ್ಕತ್ತಿನ ದಾರಿಯಲ್ಲಿ ವಾಪಸ್ಸು ಬರುತ್ತದೆ.

ಇದು ಹೆಚ್ಚೋ ಕಡಿಮೆಯೋ? ಒಬ್ಬರ ದಿನದ ಶಕ್ತಿಯಲ್ಲಿ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದಂಥವುಗಳ ಪಾಲು ಶೇ. 10ನ್ನು ಮೀರಬಾರದು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 2000 ಕ್ಯಾಲೊರಿಯ ಊಟಕ್ಕೆ ಆ ಶೇ. 5 ಎಂದರೆ 25 ಗ್ರಾಂ, ಸುಮಾರು ಆರು ಚಮಚ. ಇದು ಎಲ್ಲರಿಗೂ ಹೇಳಿದ ಮಾತು. ಸಕ್ಕರೆ ಕಾಯಿಲೆ ಇರುವವರಿಗೆ ವೈದ್ಯರು ಹೇಳುವ ಮಿತಿ ಸಾಮಾನ್ಯವಾಗಿ ಇದಕ್ಕಿಂತ ಕೆಳಗೇ ಇರುತ್ತದೆ. ನಮ್ಮ ಲೇಬಲ್‌ಗಳಲ್ಲಿ ಆರ್‌ಡಿಎ ಎಂದು ಶೇಕಡಾವಾರು ಅಂಕಿ ಇರುತ್ತದಲ್ಲ, ಅದನ್ನು ದಿನಕ್ಕೆ 50 ಗ್ರಾಂ ಸೇರಿಸಿದ ಸಕ್ಕರೆ ಎಂಬ ಲೆಕ್ಕದ ಮೇಲೆ ಹಾಕಿರುತ್ತಾರೆ. ಅಲ್ಲಿ ‘ಶೇ. 20’ ಎಂದು ಕಂಡರೆ 10 ಗ್ರಾಂ, ಎರಡೂವರೆ ಚಮಚ. ಆ ಶೇಕಡಾ ನಿಮ್ಮ ಚೀಟಿಯ ಮಿತಿಗೆ ಹೊಂದುವುದಿಲ್ಲ, ಗ್ರಾಂ ಅನ್ನೇ ನೋಡಿ.

ಹಾಲಿನ ಪದಾರ್ಥಗಳಲ್ಲಿ ಎರಡು ಸಕ್ಕರೆ ಅಂಕಿಗಳ ನಡುವೆ ದೊಡ್ಡ ಅಂತರ ಕಾಣುತ್ತದೆ. 200 ಮಿಲಿಲೀಟರಿನ ಒಂದು ಸಿಹಿ ಲಸ್ಸಿ ಪ್ಯಾಕೆಟ್ಟಿನಲ್ಲಿ 100 ಮಿಲಿಲೀಟರಿಗೆ ಟೋಟಲ್ ಶುಗರ್ಸ್ 13 ಗ್ರಾಂ, ಆಡೆಡ್ ಶುಗರ್ಸ್ 9 ಗ್ರಾಂ ಇದೆ ಎನ್ನಿ. ಪ್ಯಾಕೆಟ್ ಪೂರ್ತಿ ಕುಡಿದರೆ ಸೇರಿಸಿದ ಸಕ್ಕರೆ 18 ಗ್ರಾಂ, ನಾಲ್ಕೂವರೆ ಚಮಚ. ಉಳಿದ 8 ಗ್ರಾಂ ಹಾಲಿನಲ್ಲೇ ಇರುವ ಲ್ಯಾಕ್ಟೋಸ್. ‘ಇಷ್ಟು ಚಮಚ ಮೀರಬಾರದು’ ಎಂಬ ಮಿತಿಗೆ ಆಡೆಡ್ ಶುಗರ್ಸ್ ಸಾಲನ್ನು ಹಿಡಿಯಬೇಕು. ಹಾಗೆಂದು ಲ್ಯಾಕ್ಟೋಸ್ ಲೆಕ್ಕಕ್ಕೇ ಇಲ್ಲವೆಂದಲ್ಲ, ಅದು ಕಾರ್ಬೋಹೈಡ್ರೇಟ್ ಸಾಲಿನಲ್ಲಿ ಬಂದೇ ಬರುತ್ತದೆ.

ನನ್ನ ಮಟ್ಟಿಗೆ ಇಡೀ ಲೇಬಲ್‌ನಲ್ಲಿ ಮುಖ್ಯವಾದ ಸಾಲು ಈ ಕಾರ್ಬೋಹೈಡ್ರೇಟಿನದೇ. ಅದೇ ನಾಲ್ಕು ಮಾರಿ ಬಿಸ್ಕತ್ತಿಗೆ ಮರಳಿ ಬನ್ನಿ. ಸೇರಿಸಿದ ಸಕ್ಕರೆ 5 ಗ್ರಾಂ ಕೂಡ ಇಲ್ಲ. ಆದರೆ ಕಾರ್ಬೋಹೈಡ್ರೇಟ್? 77ನ್ನು 24ರಿಂದ ಗುಣಿಸಿ 100ರಿಂದ ಭಾಗಿಸಿದರೆ ಹದಿನೆಂಟೂವರೆ ಗ್ರಾಂ. ಸಕ್ಕರೆ ಬಿಟ್ಟು ಉಳಿದದ್ದು ಬಹುಪಾಲು ಮೈದಾದ ಪಿಷ್ಟ. ನಾಲಿಗೆಗೆ ಅದು ಸಿಹಿಯಲ್ಲ, ಆದರೆ ಹೊಟ್ಟೆಯಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಡಯಟೀಷಿಯನ್‌ಗಳು ಊಟವನ್ನು 15 ಗ್ರಾಂ ಕಾರ್ಬೋಹೈಡ್ರೇಟಿನ ಪಾಲುಗಳಾಗಿ ಹಂಚುವುದುಂಟು. ಆ ಲೆಕ್ಕದಲ್ಲಿ ಈ ನಾಲ್ಕು ಬಿಸ್ಕತ್ತು ಒಂದು ಪಾಲನ್ನು ದಾಟಿದವು. ಊಟದ ಲೆಕ್ಕ ನೋಡಿ ಇನ್ಸುಲಿನ್ ತೆಗೆದುಕೊಳ್ಳುವವರು ಹಿಡಿಯಬೇಕಾದದ್ದು ಈ ಅಂಕಿಯನ್ನು, ಚಮಚವನ್ನಲ್ಲ.

‘ಶುಗರ್ ಫ್ರೀ’ ಎಂದು ದೊಡ್ಡದಾಗಿ ಬರೆದ ಬಿಸ್ಕತ್ತಿನಲ್ಲಿ ಚಮಚದ ಲೆಕ್ಕ ಸೊನ್ನೆ ಬರಬಹುದು, ಕಾರ್ಬೋಹೈಡ್ರೇಟ್ ಹೆಚ್ಚು ಇಳಿದಿರುವುದಿಲ್ಲ. ಬಳಸಿದ ಪದಾರ್ಥಗಳ ಪಟ್ಟಿಯಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಕಂಡರೆ ಇನ್ನೂ ಎಚ್ಚರ ಬೇಕು. ಅದು ಸಕ್ಕರೆಯ ಸಾಲಿನಲ್ಲಿ ಹೆಚ್ಚುಪಾಲು ಕಾಣಿಸಿಕೊಳ್ಳುವುದೇ ಇಲ್ಲ, ರಕ್ತದ ಗ್ಲೂಕೋಸನ್ನು ಮಾತ್ರ ಬೇಗನೆ ಏರಿಸುತ್ತದೆ. ತಿನ್ನುವ ಮುಂಚೆ ಒಮ್ಮೆ, ತಿಂದು ಎರಡು ಗಂಟೆಯ ಮೇಲೆ ಒಮ್ಮೆ ಗ್ಲೂಕೋಮೀಟರಿನಲ್ಲಿ ನೋಡಿದರೆ ಆ ತಿಂಡಿ ನಿಮಗೆ ಹೇಗೆ ಆಗುತ್ತದೆ ಎಂಬುದು ತಿಳಿಯುತ್ತದೆ.

ಈ ನಾಲ್ಕರ ಲೆಕ್ಕ ತಿರುಗಾಮುರುಗಾ ಬೇಕಾಗುವ ಸಂದರ್ಭವೂ ಒಂದಿದೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕೈ ನಡುಗಿ, ಬೆವರು ಬಂದು, ಗ್ಲೂಕೋಸ್ 70ಕ್ಕಿಂತ ಕೆಳಗೆ ಇಳಿದಾಗ ತಕ್ಷಣ 15 ಗ್ರಾಂ ಸಕ್ಕರೆ ಬೇಕು. ಅಂದರೆ ಸಮ ಅಳತೆಯ ನಾಲ್ಕು ಚಮಚವನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಮ ಮಾತ್ರೆಯ ಹಾಳೆಯ ಮೇಲೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಹೆಸರಿದೆಯೇ ಎಂದು ಇವತ್ತೇ ನೋಡಿಕೊಳ್ಳಿ. ಇದ್ದರೆ ಆ ಔಷಧಿ ಸಕ್ಕರೆ ಜೀರ್ಣವಾಗುವುದನ್ನು ತಡಮಾಡುತ್ತದೆ, ಆಗ ಸಕ್ಕರೆ ನೀರನ್ನು ನಂಬಿಕೊಂಡಿರಬಾರದು. ಅಂಥವರು ಔಷಧಿ ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪುಡಿಯನ್ನೇ ಮನೆಯಲ್ಲೂ ಚೀಲದಲ್ಲೂ ಇಟ್ಟುಕೊಳ್ಳಿ.