ಸೊಂಟದ ಕೆಳಗಿನ ಆ ನೇರ ಗೆರೆ

ಹುಟ್ಟುಹಬ್ಬದ ಶುಭಾಶಯ ಕೋರುವ ಫ್ಲೆಕ್ಸ್‌ಗಳಲ್ಲಿ ಸೊಂಟದವರೆಗಿನ ಫೋಟೋಗಳನ್ನು ಗಮನಿಸಿ. ಕೆಲವದರಲ್ಲಿ ಕೂದಲು, ಭುಜ ಎಲ್ಲ ಅಚ್ಚುಕಟ್ಟಾಗಿ ಕಟ್ ಆಗಿರುತ್ತದೆ. ಶರಟಿನ ಕೆಳತುದಿ ಮಾತ್ರ ಮಸುಕಾಗಿ, ಮೂಲೆಗಳು ದುಂಡಗಾಗಿ, ಮನುಷ್ಯ ಗಾಳಿಯಲ್ಲಿ ತೇಲಿದಂತೆ ಕಾಣುತ್ತಾನೆ.

ಇದಕ್ಕೆ ಕಾರಣ ಸರಳ. ಅಂಚು ಗರಗಸದಂತೆ ಕಾಣದಿರಲೆಂದು ಸೆಲೆಕ್ಷನ್‌ಗೆ ಒಂದೆರಡು ಪಿಕ್ಸೆಲ್ ಫೆದರ್ ಕೊಡುತ್ತೇವೆ. ಭುಜದ ಗೆರೆ ದೇಹದ ನಿಜವಾದ ಅಂಚು, ಅಲ್ಲಿ ಈ ಮೃದುತನ ಬೇಕು. ಸೊಂಟದ ಬಳಿಯ ಗೆರೆ ಕ್ಯಾಮೆರಾ ಕಡಿದದ್ದು. ದೇಹ ಅದರಾಚೆಗೂ ಇತ್ತು. ಅದು ಚೂಪಾಗಿಯೇ ಉಳಿಯಬೇಕು.

ಆದ್ದರಿಂದ ಕಟಿಂಗ್ ಕೆಲಸವನ್ನು ಮೂಲ ಫೋಟೋದಲ್ಲೇ ಪೂರ್ತಿ ಮುಗಿಸಬೇಕು. ಚಿತ್ರವನ್ನು ಮೊದಲೇ ದೊಡ್ಡ ಬ್ಯಾನರ್‌ಗೆ ಎಳೆದು ತಂದರೆ, ಕಡಿದ ಗೆರೆಗೂ ಭುಜದ ಗೆರೆಗೂ ಸಾಫ್ಟ್‌ವೇರ್‌ಗೆ ವ್ಯತ್ಯಾಸ ತಿಳಿಯದು, ಫೆದರ್ ಸುತ್ತಲೂ ಹರಡುತ್ತದೆ. ಫೋಟೋಶಾಪ್‌ನಲ್ಲಾದರೆ ಚಿತ್ರವನ್ನು ಕುಗ್ಗಿಸಿ, ಸುತ್ತಲಿನ ಬೂದು ಜಾಗ ಕಾಣುವಂತೆ ಮಾಡಿಕೊಳ್ಳಿ. ಪೆನ್ ಟೂಲ್‌ನಿಂದ ದೇಹದ ಗುಂಟ ಬಂದು, ಕೆಳಗೆ ಕ್ಯಾನ್ವಾಸ್‌ನ ಗೆರೆಯ ಮೇಲೆ ನಿಲ್ಲಿಸದೆ, ಬೂದು ಜಾಗದೊಳಕ್ಕೆ ಧಾರಾಳವಾಗಿ ಇಳಿದು ಅಲ್ಲೇ ಪಾತ್ ಮುಚ್ಚಿ. ಸೆಲೆಕ್ಷನ್ ಮಾಡಿದಾಗ ಹೊರಗಿನ ಭಾಗ ತಾನಾಗಿಯೇ ಬಿಟ್ಟುಹೋಗಿ, ಕೆಳಗೆ ಸ್ಕೇಲ್ ಇಟ್ಟಂತಹ ನೇರ ಅಂಚು ಉಳಿಯುತ್ತದೆ.

ಫೆದರ್ ಕೊಡುವಾಗ ಒಂದು ಚಿಕ್ಕ ಚೌಕದ ಕಡೆ ಕಣ್ಣಿರಲಿ. ಫೋಟೋಶಾಪ್‌ನಲ್ಲಿ `Apply effect at canvas bounds` ಎಂಬಲ್ಲಿ ಟಿಕ್ ಇರಬಾರದು. ಗಿಂಪ್‌ನಲ್ಲಿ `Selected areas continue outside the image` ಎಂಬಲ್ಲಿ ಟಿಕ್ ಇರಲೇಬೇಕು. ಮಾತು ತಿರುಗುಮುರುಗು, ಫಲ ಒಂದೇ.

ಕೆಲಸ ಸರಿಯಾಯಿತೇ ಎಂದು ತಿಳಿಯಲು ಆಲ್ಟ್ ಒತ್ತಿ ಲೇಯರ್ ಮಾಸ್ಕ್ ಮೇಲೆ ಕ್ಲಿಕ್ ಮಾಡಿ. ದೇಹವಿರುವ ಕಡೆ ಬಿಳುಪು ಕೊನೆಯ ಸಾಲಿನವರೆಗೂ ಇರಬೇಕು. ತಳದಲ್ಲಿ ಬೂದು ಪಟ್ಟಿ ಕಂಡರೆ ಮಾಸ್ಕ್‌ನ ಆ ಪಟ್ಟಿಯನ್ನಷ್ಟೇ, ದೇಹದ ಅಗಲಕ್ಕೆ ಸರಿಯಾಗಿ, ಬಿಳಿ ತುಂಬಿಸಿ. ಇಡೀ ಮಾಸ್ಕನ್ನು ಗಡುಸು ಮಾಡಹೋದರೆ ಕೂದಲು ಕೆಡುತ್ತದೆ.

ಇನ್ನು ಜೋಡಣೆ. ಚಿತ್ರವನ್ನು ಹಿಗ್ಗಿಸಿದಾಗ, ತಿರುಗಿಸಿದಾಗ ಕೊನೆಯ ಸಾಲು ಅರೆಪಾರದರ್ಶಕವಾಗಿ, ಹಿನ್ನೆಲೆಯ ಬಣ್ಣ ಕೂದಲೆಳೆಯಷ್ಟು ಇಣುಕಬಹುದು. ಅದಕ್ಕೇ ಕಡಿದ ಅಂಚನ್ನು ಬ್ಯಾನರ್‌ನ ಅಂಚಿಗೆ ಮುಟ್ಟಿಸಿ ಬಿಡದೆ ಸ್ವಲ್ಪ ಹೊರಕ್ಕೆ ತಳ್ಳಬೇಕು. ಕರಪತ್ರವಾದರೆ ಸಾಮಾನ್ಯವಾಗಿ ಬಿಡುವ 3 ಮಿ.ಮೀ. ಬ್ಲೀಡ್‌ನ ಕೊನೆಯವರೆಗೂ ಶರಟು ಹೋಗಬೇಕು, ಇಲ್ಲದಿದ್ದರೆ ಕಾಗದ ಕತ್ತರಿಸಿದಾಗ ಸಂದು ಕಾಣುತ್ತದೆ.

ಮೊಣಕೈ ಬಲಗಡೆಯೂ ಕಡಿದಿದೆ ಎಂದುಕೊಳ್ಳಿ. ಅಂಥ ಫೋಟೋವನ್ನು ಬ್ಯಾನರ್‌ನ ನಡುವೆ ಇಟ್ಟರೆ ಯಾವ ಫೆದರೂ ಕಾಪಾಡದು, ತೋಳು ಕೊಯ್ದಂತೆ ಕಾಣುತ್ತದೆ. ಅದನ್ನು ಕೆಳಗಿನ ಬಲಮೂಲೆಗೇ ಒತ್ತಿ ಕೂರಿಸಬೇಕು, ಇಲ್ಲವೇ ಕಡಿದ ಜಾಗದ ಮುಂದೆ ಇನ್ನೊಬ್ಬರ ಭುಜ ಬರುವಂತೆ ಇಡಬೇಕು. ಎರಡೂ ಆಗದಿದ್ದರೆ ಬೇರೆ ಫೋಟೋ ಕೇಳುವುದೇ ಸರಿ.