ಉಚಿತ ವೆಬಿನಾರ್‌ಗೆ ಕರೆಯುವ ಬಗೆ

ವೃತ್ತಿ ಮಾರ್ಗದರ್ಶಕರ ಉಚಿತ ವೆಬಿನಾರ್‌ಗೆ ಮೂರು ಬಗೆಯ ಬರಹ ಬೇಕು: ಆಹ್ವಾನ, ಹೆಸರು ನೋಂದಾಯಿಸುವ ಪುಟ (ಲ್ಯಾಂಡಿಂಗ್ ಪೇಜ್), ನೆನಪಿಸುವ ಸಂದೇಶ. ಕೆಸಿಇಟಿ ಆಪ್ಷನ್ ಎಂಟ್ರಿ ಕುರಿತ ವೆಬಿನಾರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅಣಕು ಸೀಟು ಹಂಚಿಕೆ ಪ್ರಕಟವಾದ ಮೇಲೆ ಆಪ್ಷನ್‌ಗಳ ಕ್ರಮ ಬದಲಿಸಲು ಸಿಗುವುದು ಕೆಲವೇ ದಿನ. ವೆಬಿನಾರ್ ಆ ದಿನಗಳೊಳಗೇ ನಡೆಯಬೇಕು.

‘ನಿಮ್ಮ ಮಕ್ಕಳ ಉಜ್ವಲ ಭವಿಷ್ಯಕ್ಕೆ’ ಎಂಬ ಆಹ್ವಾನ ಯಾರನ್ನೂ ತಟ್ಟುವುದಿಲ್ಲ. ‘ಅಣಕು ಹಂಚಿಕೆಯಲ್ಲಿ ಬೇಡದ ಕಾಲೇಜು ಬಂತೇ? ಆಪ್ಷನ್ ಕ್ರಮ ಸರಿಪಡಿಸುವುದು ಹೇಗೆ? ಶನಿವಾರ ಸಂಜೆ 7ಕ್ಕೆ, 45 ನಿಮಿಷ, ಉಚಿತ’ ಎಂದರೆ ಆ ತೊಂದರೆಯಲ್ಲಿರುವವರು ತಾವಾಗಿಯೇ ನಿಲ್ಲುತ್ತಾರೆ. ಅಂದಹಾಗೆ, ಝೂಮ್‌ನ ಉಚಿತ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ನಿಂತುಹೋಗುತ್ತದೆ, 100 ಜನರಿಗಿಂತ ಹೆಚ್ಚು ಸೇರಲಾಗದು. 45 ನಿಮಿಷವೆಂದು ಬರೆಯುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಪುಟ ತೆರೆದವರಿಗೆ ಆಹ್ವಾನದ ಅದೇ ಮಾತು ಮೊದಲ ಸಾಲಿನಲ್ಲೇ ಕಾಣಬೇಕು. ಇಲ್ಲದಿದ್ದರೆ ಬೇರೆಲ್ಲಿಗೋ ಬಂದೆವೆಂದು ಹಿಂದಿರುಗುತ್ತಾರೆ. ಹೆಸರು, ಮೊಬೈಲ್ ಸಂಖ್ಯೆ ಕೇಳಿದರೆ ಸಾಕು. ರ‍್ಯಾಂಕು, ಮನೆಯ ಆದಾಯ ಕೇಳಿದರೆ ಪೋಷಕರು ಹಿಂಜರಿಯುತ್ತಾರೆ. ಕೊನೆಯಲ್ಲಿ ಹಣ ಪಡೆಯುವ ಸಲಹೆಯ ಪ್ರಸ್ತಾಪ ಇದ್ದರೆ ಅದನ್ನೂ ಅಲ್ಲೇ ಹೇಳುವುದು ಮೇಲು. ಮುಚ್ಚಿಟ್ಟು ಕೊನೆಗೆ ಹೊರತೆಗೆದರೆ ಅಲ್ಲಿಯವರೆಗೆ ಗಳಿಸಿದ ನಂಬಿಕೆಯೂ ಹೋಗುತ್ತದೆ. ಸಂಖ್ಯೆಯನ್ನು ಯಾವುದಕ್ಕೆ ಬಳಸಲಾಗುತ್ತದೆ ಎಂಬುದೂ ಪುಟದಲ್ಲಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಹೇಳಿದ ಉದ್ದೇಶಕ್ಕಷ್ಟೇ ಸಲ್ಲುತ್ತದೆ. ಆ ಪಟ್ಟಿಯನ್ನು ಕಾಲೇಜಿನ ಏಜೆಂಟರಿಗೆ ಕೊಡುವುದು ಅದರಲ್ಲಿ ಸೇರುವುದಿಲ್ಲ.

ಉಚಿತ ಕಾರ್ಯಕ್ರಮಕ್ಕೆ ಬಾರದಿದ್ದರೆ ಯಾರ ದುಡ್ಡೂ ಹೋಗುವುದಿಲ್ಲ. ಹಾಗಾಗಿ ಹೆಸರು ಕೊಟ್ಟವರಲ್ಲಿ ಬಹಳ ಜನ ಮರೆಯುತ್ತಾರೆ. ನೋಂದಾಯಿಸಿದ ಕೂಡಲೇ ಒಂದು, ಹಿಂದಿನ ದಿನ ಒಂದು, ಶುರುವಾಗುವ ಸ್ವಲ್ಪ ಮೊದಲು ಒಂದು ಸಂದೇಶ ಹೋಗಬೇಕು. ಪ್ರತಿಯೊಂದರಲ್ಲೂ ಸೇರುವ ಲಿಂಕ್ ಇರಲೇಬೇಕು, ಏಕೆಂದರೆ ಹಳೆಯ ಸಂದೇಶ ಹುಡುಕಿ ತೆಗೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದರೆ, ಮಾರ್ಗದರ್ಶಕರ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ನಂಬರ್ ಉಳಿಸಿಕೊಳ್ಳಿ ಎಂಬ ಕೋರಿಕೆ ಮೊದಲ ಸಂದೇಶದಲ್ಲೇ ಬರಬೇಕು.

ಎಸ್ಸೆಮ್ಮೆಸ್ಸಿನ ಲೆಕ್ಕ ಬೇರೆ. ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ. ಗುಣಿತ ಚಿಹ್ನೆ, ಒತ್ತು, ಅನುಸ್ವಾರಗಳೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ‘ಇಂದು ಸಂಜೆ 7ಕ್ಕೆ ಆಪ್ಷನ್ ಎಂಟ್ರಿ ಮಾಹಿತಿ.’ ಎಂಬ ಪುಟ್ಟ ಸಾಲಿಗೇ 37 ಆಗುತ್ತದೆ. ಉಳಿದ 33ರಲ್ಲಿ ಝೂಮ್‌ನ ಉದ್ದನೆಯ ಲಿಂಕ್ ಹಿಡಿಸದು, ಅದನ್ನು ಮೊಟಕುಗೊಳಿಸಬೇಕು. ಮಿತಿ ಮೀರಿದರೆ ಎರಡು ಸಂದೇಶದ ದರ ಬೀಳುತ್ತದೆ.

ಜನ ಬಾರದಿದ್ದರೆ ತಪ್ಪು ಎಲ್ಲಿದೆಯೆಂದು ಪತ್ತೆಹಚ್ಚುವುದು ಕಷ್ಟವಲ್ಲ. ಪುಟ ತೆರೆದವರೇ ಕಡಿಮೆಯಾದರೆ ಆಹ್ವಾನವನ್ನು ತಿದ್ದಬೇಕು. ತೆರೆದೂ ಹೆಸರು ಕೊಡದಿದ್ದರೆ ಪುಟವನ್ನು. ಹೆಸರು ಕೊಟ್ಟೂ ಬಾರದಿದ್ದರೆ ನೆನಪಿಸುವ ಸಂದೇಶಗಳನ್ನು, ಇಲ್ಲವೇ ಆರಿಸಿಕೊಂಡ ಸಮಯವನ್ನು.