ಅರ್ಧ ದಾರಿಯಲ್ಲಿ ವಿಷಯ ಬದಲಿಸುವ ಪತ್ರ

ತತ್ತ್ವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ನೋಂದಣಿಯಾಗಿ ಎರಡು ವರ್ಷವಾಗಿದೆ. ವಿಷಯ: ‘ಜಾನ್ ಹಿಕ್ ಅವರ ಧಾರ್ಮಿಕ ಬಹುತ್ವ ಸಿದ್ಧಾಂತ ಮತ್ತು ಉತ್ತರ ಕರ್ನಾಟಕದ ಸೌಹಾರ್ದ ಪರಂಪರೆ’. ಹಿಕ್ (1922–2012) ಇಂಗ್ಲೆಂಡಿನ ತತ್ತ್ವಜ್ಞಾನಿ. ಪರಮಸತ್ಯ ಒಂದೇ, ಬೇರೆ ಬೇರೆ ಸಂಸ್ಕೃತಿಗಳ ಜನ ಅದಕ್ಕೆ ಸ್ಪಂದಿಸಿದ ಬಗೆಗಳೇ ದೊಡ್ಡ ಧರ್ಮಗಳು ಎಂದು 1989ರಲ್ಲಿ ಬಂದ ‘ಆ್ಯನ್ ಇಂಟರ್‌ಪ್ರಿಟೇಷನ್ ಆಫ್ ರಿಲಿಜನ್’ ಗ್ರಂಥದಲ್ಲಿ ಅವರು ವಾದಿಸಿದರು. ಇದಕ್ಕೆ ಜೀವಂತ ಉದಾಹರಣೆ ಸಿಗುತ್ತದೆಂದು ವಿದ್ಯಾರ್ಥಿನಿ ಮೊಹರಂ ನೋಡಲು ಕೊಪ್ಪಳದ ಕಡೆಯ ಹಳ್ಳಿಗೆ ಹೋಗುತ್ತಾಳೆ.

ಅಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಹರಕೆ ಹೊತ್ತು ಫಕೀರರಾದವರಲ್ಲಿ ಹಿಂದೂಗಳು ಬಹಳ. ಒಂದೂ ಮುಸ್ಲಿಂ ಮನೆಯಿಲ್ಲದ ಊರಲ್ಲೂ ಈ ಹಬ್ಬ ನಡೆಯುವುದುಂಟು. ಆದರೆ ‘ಎಲ್ಲ ಧರ್ಮಗಳೂ ಒಂದೇ ಅನ್ನುತ್ತೀರಾ?’ ಎಂದು ಕೇಳಿದರೆ ಉತ್ತರ ಆ ದಿಕ್ಕಿಗೇ ಬರುವುದಿಲ್ಲ. ಮಗನ ಜ್ವರಕ್ಕೆ ಹರಕೆ ಹೊತ್ತಿದ್ದೆವು, ನಮ್ಮ ಮನೆತನದ ಸೇವೆ ಇದೆ, ನಮ್ಮಪ್ಪ ಹಿಡಿದಿದ್ದ ದೇವರು ಎನ್ನುತ್ತಾರೆ. ಹಿಕ್ ಕೇಳುವುದು ಸತ್ಯ ಮತ್ತು ಮುಕ್ತಿಯ ಪ್ರಶ್ನೆ. ಇಲ್ಲಿ ನಡೆಯುತ್ತಿರುವುದು ಹರಕೆ, ಹಕ್ಕು, ಸರದಿಗಳ ವ್ಯವಹಾರ. ಈ ಹಬ್ಬವನ್ನು ಹಿಕ್ ಸಿದ್ಧಾಂತಕ್ಕೆ ಉದಾಹರಣೆಯಾಗಿ ಬರೆದರೆ ಪ್ರಬಂಧವೇ ಸುಳ್ಳಾಗುತ್ತದೆ.

ಆಗ ಮಾರ್ಗದರ್ಶಕರಿಗೆ ಪತ್ರ ಬರೆಯಬೇಕಾಗುತ್ತದೆ. ಇಂಥ ಪತ್ರಗಳು ಕೆಡುವುದು ಸಾಮಾನ್ಯವಾಗಿ ‘ನನ್ನ ಆಸಕ್ತಿ ಬದಲಾಗಿದೆ’ ಎಂಬ ಒಂದೇ ಸಾಲಿನಿಂದ. ಆ ಸಾಲು ಓದಿದ ಮಾರ್ಗದರ್ಶಕರಿಗೆ, ಇವಳು ಕಷ್ಟದ ಅಧ್ಯಾಯದಿಂದ ತಪ್ಪಿಸಿಕೊಳ್ಳುತ್ತಿದ್ದಾಳೆಯೇ ಎಂಬ ಅನುಮಾನ ಬರುವುದು ಸಹಜ. ಕ್ಷೇತ್ರಕಾರ್ಯದಲ್ಲಿ ಕಂಡದ್ದನ್ನೇ ಮುಂದಿಟ್ಟರೆ ಆ ಅನುಮಾನಕ್ಕೆ ಎಡೆಯಿಲ್ಲ. ಪತ್ರದ ನಡುಭಾಗ ಹೀಗಿರಬಹುದು:

‘ಮಾನ್ಯರೇ, ಮೂರನೇ ಅಧ್ಯಾಯಕ್ಕಾಗಿ ಮಾಡಿದ ಸಂದರ್ಶನಗಳಲ್ಲಿ ಧರ್ಮಗಳ ಏಕತೆಯ ಮಾತನ್ನು ಯಾರೂ ತಾವಾಗಿ ಆಡಲಿಲ್ಲ. ಹರಕೆ ಮತ್ತು ಮನೆತನದ ಸೇವೆಯ ಮಾತು ಎಲ್ಲರಲ್ಲೂ ಬಂತು. ಟಿಪ್ಪಣಿಗಳನ್ನು ಲಗತ್ತಿಸಿದ್ದೇನೆ. ಆದ್ದರಿಂದ “ಮೊಹರಂ ಆಚರಣೆಯಲ್ಲಿ ಹರಕೆ ಮತ್ತು ಸೇವೆಯ ಹಕ್ಕು: ಧಾರ್ಮಿಕ ಬಹುತ್ವದ ಮರುಪರಿಶೀಲನೆ” ಎಂಬ ವಿಷಯಕ್ಕೆ ಬದಲಾಯಿಸಲು ಅನುಮತಿ ಕೋರುತ್ತೇನೆ. ಮೊದಲ ಅಧ್ಯಾಯ ಸಂಕ್ಷಿಪ್ತವಾಗಿ ಉಳಿಯುತ್ತದೆ. ಎರಡನೆಯದನ್ನು ಕೈಬಿಡಬೇಕಾಗುತ್ತದೆ.’

ಕೊನೆಯ ಎರಡು ವಾಕ್ಯಗಳನ್ನು ಬರೆಯುವುದು ಕಷ್ಟ, ಆದರೆ ಅವನ್ನು ಬಿಡುವಂತಿಲ್ಲ. ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ಹೇಳದ ಪತ್ರಕ್ಕೆ ಒಪ್ಪಿಗೆ ಕೊಡುವುದು ಯಾರಿಗೂ ಕಷ್ಟವೇ. ಇನ್ನೊಂದು ಎಚ್ಚರಿಕೆ: ‘ಹಿಕ್ ಹೇಳಿದ್ದು ತಪ್ಪೆಂದು ಸಾಬೀತಾಯಿತು’ ಎಂದು ಬರೆಯಬಾರದು. ಹಳ್ಳಿಯ ಹರಕೆ ಅವರ ವಾದವನ್ನು ಮುರಿಯಲಿಲ್ಲ, ಅದರ ವ್ಯಾಪ್ತಿಯ ಹೊರಗೆ ನಿಂತಿತು. ಈ ವ್ಯತ್ಯಾಸ ಗೊತ್ತಿರುವ ವಿದ್ಯಾರ್ಥಿನಿಯನ್ನು ನಂಬಬಹುದು ಎಂದು ಮಾರ್ಗದರ್ಶಕರಿಗೂ ಅನಿಸುತ್ತದೆ.

ಇನ್ನು ಕಾಲದ ಲೆಕ್ಕ. ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು, ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷದ ರಿಯಾಯಿತಿಯಿದೆ. ಕಾಗದದ ಮೇಲೆ ಧಾರಾಳವಾಗಿ ಕಾಣುತ್ತದೆ. ಆದರೆ ಮೊಹರಂ ವರ್ಷಕ್ಕೊಮ್ಮೆ ಬರುವ ಹಬ್ಬ. ಚಾಂದ್ರಮಾನದ್ದಾದ್ದರಿಂದ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಜುಲೈ ಮೊದಲ ವಾರದಲ್ಲಿ ಬಂದದ್ದು 2026ರಲ್ಲಿ ಜೂನ್ ಕೊನೆಗೆ ಬರುತ್ತದೆ. ಸಮಿತಿಯ ಒಪ್ಪಿಗೆ ಒಂದು ತಿಂಗಳು ತಡವಾಗಿ ಹಬ್ಬ ತಪ್ಪಿದರೆ ಕ್ಷೇತ್ರಕಾರ್ಯವೂ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಪತ್ರದಲ್ಲಿ ಹಬ್ಬದ ದಿನ, ಅದಕ್ಕೆ ಮುಂಚೆ ಒಪ್ಪಿಗೆ ಬೇಕಾದ ಗಡುವು, ಆಮೇಲೆ ಬರವಣಿಗೆಗೆ ಉಳಿಯುವ ತಿಂಗಳುಗಳು, ಈ ಮೂರನ್ನೂ ಸ್ಪಷ್ಟವಾಗಿ ನಮೂದಿಸಬೇಕು.

ಹೇಳಲು ಮುಜುಗರವಾಗುವ ಸಂಗತಿಯೂ ಒಂದಿದೆ. ತತ್ತ್ವಶಾಸ್ತ್ರದ ಮಾರ್ಗದರ್ಶಕರಿಗೆ ಜಾನಪದ ಕ್ಷೇತ್ರಕಾರ್ಯದ ಅನುಭವ ಇಲ್ಲದಿರಬಹುದು. ‘ತಮ್ಮ ಮಾರ್ಗದರ್ಶನದಲ್ಲೇ ಮುಂದುವರಿಯುವ ಆಸೆ ನನ್ನದು, ಕ್ಷೇತ್ರಕಾರ್ಯಕ್ಕೆ ಮಾತ್ರ ಜಾನಪದ ಅಥವಾ ಮಾನವಶಾಸ್ತ್ರ ವಿಭಾಗದಿಂದ ಸಹ ಮಾರ್ಗದರ್ಶಕರೊಬ್ಬರನ್ನು ಕೋರಬಹುದೇ’ ಎಂದು ಕೇಳಿದರೆ ಅಗೌರವವಾಗುವುದಿಲ್ಲ.

ಪತ್ರ ಕೊಡುವ ಮುನ್ನ ಮಾರ್ಗದರ್ಶಕರೊಂದಿಗೆ ಎದುರು ಕೂತು ಮಾತಾಡಿ. ನಿಮ್ಮ ವಿಶ್ವವಿದ್ಯಾಲಯ ಈ ಬದಲಾವಣೆಯನ್ನು ಶೀರ್ಷಿಕೆಯ ತಿದ್ದುಪಡಿ ಎಂದು ನೋಡುತ್ತದೋ ಹೊಸ ವಿಷಯ ಎಂದು ಪರಿಗಣಿಸುತ್ತದೋ ಕಚೇರಿಯಲ್ಲಿ ವಿಚಾರಿಸಿ, ಏಕೆಂದರೆ ಎರಡಕ್ಕೂ ಕ್ರಮ ಬೇರೆ ಇರಬಹುದು. ಮಾರ್ಗದರ್ಶಕರು ಬಾಯಿಮಾತಿನಲ್ಲಿ ‘ಆಗಲಿ’ ಎಂದರೆ ಸಾಲದು. ಸಂಶೋಧನಾ ಸಲಹಾ ಸಮಿತಿಯ ಮುಂದೆ ವಿಷಯ ಮಂಡಿಸಿ, ನಡಾವಳಿಯ ಪ್ರತಿ ಕೈಗೆ ಬಂದ ಮೇಲೆಯೇ ಹೊಸ ಅಧ್ಯಾಯಕ್ಕೆ ಕೈಹಾಕಿ.